ಮುಚ್ಚಳದೊಳಗಿನ ಮಳೆ

ಹೊರಗೆ ಮಳೆ ಜಡಿಯುತ್ತಿತ್ತು. ಅಕ್ಕನ ಮಸಾಲೆ ಅಂಗಡಿಗೆ ಹೊಸದಾಗಿ ಸೇರಿದ ತಂಗಿ ತಾನೇ ಹುರಿದು ಬೀಸಿದ ಮೊದಲ ಡಬ್ಬ ಖಾರದ ಪುಡಿಗೆ ತೇವ ತಾಗದಿರಲೆಂದು, ಬೀಸಿದ ಕೂಡಲೇ ತುಂಬಿ ಮುಚ್ಚಳ ಬಿಗಿದಿದ್ದಳು. ಅದು ಕ್ಯಾಂಟೀನಿನ ಅಡುಗೆಯವನಿಗೆ ಹೋಗಬೇಕಿತ್ತು.

ಅಕ್ಕ ಡಬ್ಬ ಮುಟ್ಟಿ ನೋಡಿದಳು. "ಅಯ್ಯೋ, ಇನ್ನೂ ಬೆಚ್ಚಗಿದೆಯಲ್ಲೇ! ಆರೋಕೆ ಬಿಡಲಿಲ್ವಾ? ಒಳಗೆ ಹಬೆ ನೀರಾಗಿರುತ್ತೆ. ಹೊರಗಿನ ಮಳೆಗೆ ಹೆದರಿ ಒಳಗೇ ಮಳೆ ತರಿಸಿದೀಯ."

ತಂಗಿಯ ಮುಖ ಬಾಡಿತು. "ಎಲ್ಲಾ ಬೂಸ್ಟು ಬರುತ್ತಾ?"

"ಹನಿ ಪುಡಿಗೆ ಬಿದ್ದು ಹಾಗೇ ಕೂತರೆ ಬರುತ್ತೆ. ಬೀಳದ ಹಾಗೆ ಮುಚ್ಚಳ ತೆಗಿ. ವಾರೆ ಮಾಡಬೇಡ, ನೆಟ್ಟಗೆ ಮೇಲಕ್ಕೆತ್ತು."

ತಂಗಿ ಉಸಿರು ಬಿಗಿಹಿಡಿದು ಮುಚ್ಚಳವೆತ್ತಿದಳು. ಒಳಮೈ ತುಂಬಾ ಹನಿಗಳು ನೇತಾಡುತ್ತಿದ್ದವು. ಅಷ್ಟರಲ್ಲಿ ಖಾರದ ಘಾಟಿಗೆ ಅಕ್ಕನ ಮೂಗು ಅರಳಿತು.

"ಅಕ್ಕಾ, ಸೀನಬೇಡ!"

ಅಕ್ಕ ಎರಡೂ ಕೈಯಿಂದ ಮೂಗು ಹಿಡಿದು ಕುಣಿದಳು. ತಂಗಿ ಮುಚ್ಚಳವನ್ನು ಮೆಲ್ಲಗೆ ಬದಿಗೆ ಒಯ್ದಳು. ಅದು ಡಬ್ಬದ ಅಂಚು ದಾಟಿದ್ದೇ ತಡ, ಅಕ್ಕ ಬಾಗಿಲಿಗೆ ಓಡಿ ಬೀದಿಯೇ ಬೆಚ್ಚುವಂತೆ ಸೀನಿದಳು. ಒಂದು ಹನಿಯೂ ಪುಡಿಗೆ ಬಿದ್ದಿರಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಕಿಟಕಿ ಮುಚ್ಚಿ, ಒಣಗಿದ ಅಗಲ ತಟ್ಟೆಗೆ ಪುಡಿ ಹರವಿ, ತೆಳು ಬಟ್ಟೆ ಹೊದಿಸಿದರು. ಡಬ್ಬವನ್ನೂ ಮುಚ್ಚಳವನ್ನೂ ಒರೆಸಿ ಒಲೆಯ ಪಕ್ಕ ಒಣಗಲು ಇಟ್ಟರು.

ಅಡುಗೆಯವನು ಕೊಡೆ ಕೊಡವುತ್ತಾ ಬಂದ. "ಏನಮ್ಮಾ, ಇನ್ನೂ ತುಂಬಿಲ್ವಾ?"

"ಪುಡಿ ಆರಬೇಕಣ್ಣಾ," ತಂಗಿ ಗತ್ತಿನಿಂದ ಹೇಳಿದಳು. "ಕೊಡೆ ಆಚೆ ಬಿಟ್ಟು, ಕೂತ್ಕೊಳ್ಳಿ."