ಗೇಟಿನ ಹತ್ತಿರ ಯಾರೂ ಇರಲಿಲ್ಲವಂತೆ

ಹೊಲಿಗೆಯಮ್ಮ ಜನ್ಮದಲ್ಲಿ ಒಂದೇ ಒಂದು ಸಲ ಹೊತ್ತಿಗೆ ಮೊದಲೇ ತಯಾರಾಗಿದ್ದಳು. ಆವತ್ತೇ ಕಾರಿನವನು ಕೈಕೊಟ್ಟ.

ಅಕ್ಕನ ಕಣ್ಣಿನ ಆಪರೇಷನ್ ಮುಗಿದಿತ್ತು, ಆಸ್ಪತ್ರೆಯಿಂದ ಕರೆತರಬೇಕಿತ್ತು. ಕಾರು ಬುಕ್ ಮಾಡಿ ಗೇಟಿನಲ್ಲಿ ಠಳಾಯಿಸುತ್ತಿದ್ದವಳಿಗೆ ಡ್ರೈವರ್ ಫೋನ್ ಮಾಡಿದ. “ಅಷ್ಟು ದೂರ ಆಗಲ್ಲ, ನೀವೇ ಕ್ಯಾನ್ಸಲ್ ಮಾಡಿ.”

“ಬೇಡ ಅನ್ನೋನು ನೀನು, ನಾನ್ಯಾಕಪ್ಪಾ ಮಾಡ್ಲಿ?”

ಮಹಾನುಭಾವ ಇದ್ದಲ್ಲೇ ಕೂತು ‘ತಲುಪಿದ್ದೇನೆ’ ಎಂದು ಒತ್ತಿದ. ಸ್ವಲ್ಪ ಹೊತ್ತು ಬಿಟ್ಟು, ಪ್ರಯಾಣಿಕರು ಬರಲಿಲ್ಲವೆಂದು ತಾನೇ ರದ್ದು ಮಾಡಿದ. ಆ್ಯಪ್ ರದ್ದತಿ ಶುಲ್ಕವನ್ನು ಇವಳ ತಲೆಗೆ ಕಟ್ಟಿತು. ಇನ್ನೊಂದು ಕಾರು ಹಿಡಿದು ಹೋಗುವಷ್ಟರಲ್ಲಿ ಅಕ್ಕ ಬೆಂಚಿನ ಮೇಲೆ ಉರಿಯುತ್ತಾ ಕೂತಿದ್ದಳು.

“ಡ್ರೈವರ್ ಮೇಲೆ ಹಾಕ್ತೀಯಾ? ಮದುವೆ ಮುಗಿದ ಮೇಲೆ ಬ್ಲೌಸ್ ಕೊಡೋಳು ನೀನು! ಮುಂದಿನ ತಿಂಗಳು ಇನ್ನೊಂದು ಕಣ್ಣು. ನೀನು ಬರೋದೇ ಬೇಡ, ಪಕ್ಕದ ಮನೆಯೋರನ್ನ ಕರ್ಕೊಂಡು ಹೋಗ್ತೀನಿ.”

ಹೊಲಿಗೆಯಮ್ಮ ಮನೆಗೆ ಬಂದು ಮಗಳಿಗೆ ಎಲ್ಲ ಹೇಳಿದಳು. ಶುಲ್ಕ ಹಾಳಾಗಲಿ, ಅಕ್ಕ ನಂಬಬೇಕಿತ್ತು.

ಮಗಳು ಆ್ಯಪಿನಲ್ಲಿ ಹಳೆಯ ಪ್ರಯಾಣಗಳನ್ನು ತೆರೆದು, ಅದೇ ಪ್ರಯಾಣದ ಕೆಳಗಿದ್ದ ಸಹಾಯ ಒತ್ತಿ, ಶುಲ್ಕ ತಪ್ಪಾಗಿದೆ ಎಂದು ದೂರು ಹಾಕಿದಳು. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: ಚಾಲಕರು ಬಂದು ಕಾದಿದ್ದಾರೆ, ಶುಲ್ಕ ಸರಿಯಾಗಿದೆ.

“ಮನುಷ್ಯರು ಓದೇ ಇಲ್ಲಮ್ಮ. ಇದರಲ್ಲೇ ಮತ್ತೆ ಬರೀಬೇಕು. ಅವನು ಫೋನ್ ಮಾಡಿದ್ದು ನಿನ್ನ ಕರೆ ಪಟ್ಟಿಯಲ್ಲಿದೆ, ಅದನ್ನ ಹಾಕೋಣ. ಕಾರು ಎಲ್ಲಿತ್ತು ಅಂತ ತೋರಿಸೋದು ಏನಾದ್ರೂ ಇದೆಯಾ?”

ಇತ್ತು. ‘ಚಾಲಕರು ತಲುಪಿದ್ದಾರೆ’ ಎಂಬ ಬರಹ, ನಕ್ಷೆಯಲ್ಲಿ ಮಾತ್ರ ಕಾರು ಆಚೆ ಪೆಟ್ರೋಲ್ ಬಂಕಿನಲ್ಲಿ. ಆ ಸ್ಕ್ರೀನ್‌ಶಾಟನ್ನು ಗೇಟಿನಿಂದಲೇ ಅಕ್ಕನಿಗೆ ಕಳಿಸಿದ್ದಳು. ಆಮೇಲೆ ತನ್ನ ಫೋನ್ ತುಂಬಿತೆಂದು ಫೋಟೋ, ಮೆಸೇಜು ಎಲ್ಲವನ್ನೂ ಅಳಿಸಿ ಕೂತಿದ್ದಳು, ಪುಣ್ಯಾತ್ಗಿತ್ತಿ.

ಅಕ್ಕನ ಮನೆಗೇ ಹೋದರು. ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ಅಕ್ಕ ಫೋನ್ ಮುಟ್ಟಿರಲಿಲ್ಲ. ಈಗ ಪಟ್ಟಿ ತೆಗೆದ ಹೊಸ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಕೆಳಗೆ ತಂಗಿ ಬರೆದಿದ್ದಳು: ಅಕ್ಕಾ, ಇವನು ಬಂದ್ನಂತೆ, ಇಲ್ಲಿ ಒಂದು ನಾಯಿನೂ ಇಲ್ಲ, ಹೆದರಬೇಡ, ಹೇಗಾದ್ರೂ ಬರ್ತೀನಿ.

ಅಕ್ಕ ಅದನ್ನು ಎರಡೆರಡು ಸಲ ಓದಿದಳು. ಕೊನೆಗೆ, “ಆ ಕಳ್ಳನ ಕಂಪನಿಗೆ ಕಳಿಸೇ ಇದನ್ನ,” ಎಂದಳು.

ಕರೆ ಪಟ್ಟಿಯ ಜೊತೆ ಅದನ್ನೂ ದೂರಿಗೆ ಸೇರಿಸಿ ಕಳಿಸಿದರು. ಮರುದಿನ ಕ್ಷಮೆ ಬಂತು, ಶುಲ್ಕವೂ ವಾಪಸ್ ಬಂತು.

ಮುಂದಿನ ತಿಂಗಳು ಅಕ್ಕ ಹೇಳಿದಳು: “ಹತ್ತು ಗಂಟೆಗೆ ಬಿಡ್ತಾರೆ. ನೀನೇ ಬಾ.”

ಆವತ್ತು ಕಾರು ಗೇಟಿಗೇ ಬಂತು. ಹೊಲಿಗೆಯಮ್ಮ ಒಳಗೆ ಚಪ್ಪಲಿ ಹುಡುಕುತ್ತಿದ್ದಳು. ಡ್ರೈವರ್ ಹಾರ್ನ್ ಹೊಡೆದ, ಫೋನ್ ಮಾಡಿದ, ಕಾದು ಸಾಕಾಗಿ ರದ್ದು ಮಾಡಿ ಹೋದ. ಶುಲ್ಕ ಬಿತ್ತು. ಮಗಳು ಫೋನ್ ತೆಗೆದಳು.

“ಬೇಡ ಬಿಡೇ, ಇದು ನಂದೇ.”

ಇನ್ನೊಂದು ಕಾರಿನಲ್ಲಿ ಏದುಸಿರು ಬಿಡುತ್ತಾ ತಲುಪಿದಾಗ ಹನ್ನೊಂದಾಗುತ್ತಾ ಬಂದಿತ್ತು. ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿ ನಿಂತಳು. ಆಗಷ್ಟೇ ನರ್ಸ್ ಅಕ್ಕನ ಕೈ ಹಿಡಿದು ಹೊರಗೆ ಕರೆತಂದಳು.

“ಬಂದ್ಯಾ? ಡಾಕ್ಟರು ಮೊದಲಿಂದಲೂ ಹನ್ನೊಂದಕ್ಕೇ ಬಿಡೋದು ಅಂದಿದ್ರು,” ಎಂದು ಅಕ್ಕ ತಂಗಿಯ ತೋಳು ಹಿಡಿದಳು.