ಸುತ್ತಿಗೆಯ ಜಾಗ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂಬುದನ್ನು ಮದುವೆಯಾದ ಹೊಸತರಲ್ಲೇ ನಮ್ಮತ್ತೆ ಪತ್ತೆ ಹಚ್ಚಿದ್ದರು. ಅಂಥವಳು ಆ ಲ್ಯಾಬಿನಲ್ಲಿ ಅಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಇದ್ದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಒಂದೇ ಉತ್ತರ. ಮುಂದಿನ ಹಲ್ಲು.

ನಮ್ಮದು ಹಲ್ಲಿನ ಲ್ಯಾಬ್. ದಂತವೈದ್ಯರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ನಾವು ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಮಾಡಿಕೊಂಡು, ಅದರ ಮೇಲೆ ಕ್ಯಾಪ್ ಕಟ್ಟುತ್ತೇವೆ. ದವಡೆ ಹಲ್ಲಿನ ಕ್ಯಾಪ್ ಸರಿಯಾಗಿ ಕೂತು ಅಗಿಯಲು ಬಂದರೆ ಯಾರೂ ಅದರ ಅಂದ ನೋಡುವುದಿಲ್ಲ. ಮುಂದಿನ ಹಲ್ಲು ಹಾಗಲ್ಲ. ಪಕ್ಕದ ಹಲ್ಲಿನ ಪಕ್ಕ ಅದು ಒಡಹುಟ್ಟಿದವರ ಹಾಗೆ ಕಾಣಬೇಕು. ಬುಡದಲ್ಲಿ ಒಂದಿಷ್ಟು ಹಳದಿ, ನಡುವೆ ಹಾಲಿನ ಬಣ್ಣ, ತುದಿಯಲ್ಲಿ ಬೆಳಕು ಹಾಯುವಷ್ಟು ತೆಳು. ಪಿಂಗಾಣಿ ಪುಡಿಯನ್ನು ಕುಂಚದ ತುದಿಯಲ್ಲಿ ಪದರ ಪದರವಾಗಿ ಇಟ್ಟು ಫರ್ನೇಸಿನಲ್ಲಿ ಸುಡುತ್ತೇವೆ. ನಾನು ಕಟ್ಟಿದ ಹಲ್ಲನ್ನು ಹಾಕಿಕೊಂಡವರು ನಕ್ಕಾಗ ಯಾವುದು ಹುಟ್ಟಿದ್ದು, ಯಾವುದು ಕಟ್ಟಿದ್ದು ಎಂದು ಅವರ ಮನೆಯವರೇ ಹೇಳಲಾರರು. ಜಂಬ ಎನ್ನುವವರು ಎನ್ನಲಿ, ನಿಜ ಹೇಳಲು ನನಗೇನು ನಾಚಿಕೆ?

ಈ ಕೆಲಸ ಕಲಿಸಿದವರು ಲ್ಯಾಬಿನ ಮಾಲೀಕರು, ನಾವೆಲ್ಲ ಸಾರ್ ಎನ್ನುವವರು. ಅವರ ಕಣ್ಣಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಸುತ್ತಿಗೆಗೆ ಮಾತ್ರ ಇಲ್ಲ.

ಆ ಸುತ್ತಿಗೆ ಅವರ ಮೇಜಿನ ಮೇಲೆ ಇರುತ್ತಿತ್ತು. ಯಾವುದಾದರೂ ಕ್ಯಾಪ್ ಕೆಟ್ಟಿದೆ ಎಂದು ಕಂಡರೆ ಅದರಿಂದ ಮೇಜಿಗೆ ಟಕ್ ಟಕ್ ಎಂದು ತಟ್ಟುತ್ತಿದ್ದರು. ತಟ್ಟಿದ ಕೂಡಲೇ ಎಲ್ಲರೂ ಕೈಲಿದ್ದದ್ದನ್ನು ಕೆಳಗಿಟ್ಟು ಸುತ್ತ ಬಂದು ನಿಲ್ಲಬೇಕು. ಸಾರ್ ಕ್ಯಾಪನ್ನು ಕಬ್ಬಿಣದ ಹಲಗೆಯ ಮೇಲಿಟ್ಟು, ಕಟ್ಟಿದವರು ಯಾರು ಎಂದು ಹೇಳಿ, ಒಂದೇ ಏಟಿಗೆ ಪುಡಿ ಮಾಡುತ್ತಿದ್ದರು. ಆ ಪುಡಿಯನ್ನು ಕಟ್ಟಿದವರೇ ಗುಡಿಸಬೇಕು. ಅಷ್ಟು ಜನ ನೋಡುತ್ತಿರುವಾಗ ಬಗ್ಗಿ ನಿಮ್ಮ ಕೈಕೆಲಸವನ್ನೇ ಕಸದ ಮೊರಕ್ಕೆ ಎಳೆದುಕೊಳ್ಳುವುದಿದೆಯಲ್ಲ, ಅದು ಬೈಗುಳಕ್ಕಿಂತ ಕಡೆ.

ನಮ್ಮಲ್ಲಿ ಒಬ್ಬಳಿದ್ದಳು, ಎಲ್ಲರೂ ಚಿಲಿಪಿಲಿ ಎಂದೇ ಕರೆಯುತ್ತಿದ್ದದ್ದು. ಸೇರಿದ ಹೊಸದರಲ್ಲಿ ಅವಳ ಬಾಯಿ ನಿಂತದ್ದೇ ಇಲ್ಲ. ದವಡೆಗಳಿಗೆಲ್ಲ ಹೆಸರಿಡುವಳು. 'ಅಕ್ಕಾ, ಈ ಬಾಯಿಯವರು ಸುಳ್ಳು ಹೇಳ್ತಾರೆ ನೋಡಿ, ಹಲ್ಲೇ ಸೊಟ್ಟಗಿದೆ' ಎನ್ನುವಳು. ಸುತ್ತಿಗೆಯ ಏಟು ಅವಳ ಕೆಲಸದ ಮೇಲೆ ಕೆಲವು ಸಲ ಬಿದ್ದ ಮೇಲೆ ಅವಳು ಮಾತು ನಿಲ್ಲಿಸಿದಳು. ಹೆಸರು ಮಾತ್ರ ಹಾಗೇ ಉಳಿಯಿತು. ನಮ್ಮಲ್ಲೇ ಹಿರಿಯರಾಗಿದ್ದ ದೊಡ್ಡಣ್ಣ ಒಂದು ದಿನ ಪುಡಿ ಗುಡಿಸಿ, ಮೊರ ಗೋಡೆಗೆ ಒರಗಿಸಿ, ಕೈ ತೊಳೆದುಕೊಂಡು ಹೋದವರು ತಿರುಗಿ ಬರಲಿಲ್ಲ. ಊರ ಇನ್ನೊಂದು ತುದಿಯಲ್ಲಿ ತಮ್ಮದೇ ಪುಟ್ಟ ಲ್ಯಾಬ್ ಇಟ್ಟುಕೊಂಡರು.

ನಾನು ಉಳಿದೆ. ಊರಿನ ಒಳ್ಳೊಳ್ಳೆಯ ವೈದ್ಯರು ಮಾಡಿಸುವ ಮುಂದಿನ ಹಲ್ಲೆಲ್ಲ ಬರುತ್ತಿದ್ದದ್ದು ನಮ್ಮಲ್ಲಿಗೇ.

ಹೀಗಿರುವಾಗ ಒಂದು ಶನಿವಾರ ಸಾರ್ ನನ್ನನ್ನು ಒಳಗೆ ಕರೆದು ಕೂರಿಸಿದರು.

'ನೋಡಮ್ಮ, ನನಗೂ ವಯಸ್ಸಾಯ್ತು. ಇನ್ನು ಒಳಗಿನದೆಲ್ಲ ನೀನೇ ನೋಡ್ಕೋ. ಇನ್‌ಚಾರ್ಜ್ ನೀನೇ. ಮುಂದಿನ ಹಲ್ಲು ಒಂದೂ ನಿನ್ನ ಕಣ್ಣು ತಪ್ಪಿಸಿ ಹೊರಗೆ ಹೋಗಬಾರದು.'

ನನ್ನ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ. ಆಮೇಲೆ ಅವರು ಸುತ್ತಿಗೆಯನ್ನು ನನ್ನ ಕಡೆ ಸರಿಸಿದರು.

'ಇದೂ ನಿಂದೇ. ಇದಿಲ್ಲದೆ ಇವರು ಯಾರೂ ಕೆಲಸ ಮಾಡಲ್ಲ. ಸೋಮವಾರ ಬಂದು ಹೇಳು.'

ನಾನು ಅದನ್ನು ಮುಟ್ಟಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಮನೆಗೆ ಬಂದು ಹೇಳಿದಾಗ ಮನೆಯವರು ಖುಷಿಯಾದರು. ಅವರು ಬಸ್ ರಿಪೇರಿ ಶೆಡ್ಡಿನಲ್ಲಿ ಮೆಕ್ಯಾನಿಕ್. 'ಕೊನೆಗೂ ನಿನ್ನ ಬೆಲೆ ಗೊತ್ತಾಯ್ತಲ್ಲ ಅವರಿಗೆ' ಎಂದರು. ಅತ್ತೆ ಮಾತ್ರ, 'ಆ ಕುಟ್ಟೋ ಕೆಲಸಾನೂ ಇವಳದೇನಾ?' ಎಂದು ಕೇಳಿದರು. ನಾನು ಎದ್ದು ಹೋಗಿ ದೊಡ್ಡಣ್ಣನಿಗೆ ಫೋನ್ ಮಾಡಿದೆ.

'ಬರೋದಾದ್ರೆ ಬಾ ತಂಗಿ, ಕುರ್ಚಿ ಖಾಲಿ ಇದೆ' ಎಂದರು ಅವರು. 'ಆದ್ರೆ ಈಗಲೇ ಹೇಳಿಬಿಡ್ತೀನಿ, ಇಲ್ಲಿ ಮುಂದಿನ ಹಲ್ಲು ಬರೋದು ಅಪರೂಪ. ಬರೀ ದವಡೆ ಹಲ್ಲು, ವಯಸ್ಸಾದವರ ಹಲ್ಲುಸೆಟ್ಟು. ನಿನ್ನ ಕೈಗೆ ಬೇಜಾರಾಗುತ್ತೆ.'

ಫೋನ್ ಇಟ್ಟ ಮೇಲೆ ನನಗೆ ದೊಡ್ಡಣ್ಣನ ಮೇಲೇ ಸಿಟ್ಟು ಬಂತು. ಸುಳ್ಳು ಹೇಳಿಯಾದರೂ ಕರೆಯಬಾರದಿತ್ತೇ?

ಭಾನುವಾರ ಬಟ್ಟೆ ಮಡಿಸುತ್ತಿದ್ದೆ. ಮಗಳ ಶಾಲೆಯ ಅಂಗಿಗಳ ರಾಶಿಯ ಅಡಿಯಲ್ಲಿ ಒಂದು ಅಂಗಿ ಸಿಕ್ಕಿತು. ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯ ಗುರುತು, ಕಂದು ಬಣ್ಣಕ್ಕೆ ಸುಟ್ಟಿತ್ತು. ಸುಟ್ಟದ್ದಲ್ಲದೆ ಮೇಲೆ ಬಿಳಿ ಪೌಡರ್ ಬಳಿದು, ಮಡಿಸಿ, ಅಡಿಗೆ ತುರುಕಿದ್ದಳು. ನನ್ನ ಪಿತ್ತ ನೆತ್ತಿಗೇರಿತು. ಅಂಗಿ ಹಿಡಿದು ನಡುಮನೆಗೆ ಬಂದು ಮೇಜಿನ ಮೇಲೆ ಹರಡಿದೆ. ಬೆರಳ ಗೆಣ್ಣಿನಿಂದ ಮೇಜನ್ನು ತಟ್ಟಿದೆ.

'ಎಲ್ಲರೂ ಬನ್ನಿ ಇಲ್ಲಿ!'

ಮನೆಯವರು ನೊರೆ ಹಚ್ಚಿದ ಗಲ್ಲದಲ್ಲೇ ಬಂದರು. ಅತ್ತೆ ಕನ್ನಡಕ ಹುಡುಕುತ್ತ ಬಂದರು. ಮಗಳು ಬಾಗಿಲ ಹತ್ತಿರವೇ ನಿಂತಳು, ಅಂಗಿ ನೋಡಿ ತಲೆ ತಗ್ಗಿಸಿದಳು.

'ಯಾಕೆ ಬಚ್ಚಿಟ್ಟೆ?' ಎಂದೆ. 'ಸುಟ್ಟಿತು ಅಂತ ನನಗೆ ಹೇಳೋಕೆ ಏನಾಗಿತ್ತು?'

'ಹೇಳಿದ್ರೆ ನೀನು ಎಲ್ಲರನ್ನೂ ಕರೀತೀಯಲ್ಲಮ್ಮ' ಎಂದಳು.

ನನ್ನ ಗೆಣ್ಣು ಇನ್ನೂ ಮೇಜಿನ ಮೇಲೇ ಇತ್ತು. ಅತ್ತೆ ಮೆಲ್ಲಗೆ, 'ಈಗ ನಾವು ಹೋಗಬಹುದಾ, ಇಲ್ಲ ಕುಟ್ಟೋದು ಬಾಕಿ ಇದೆಯಾ?' ಎಂದರು. ಬೇರೆ ದಿನವಾಗಿದ್ದರೆ ಆ ಮಾತಿಗೆ ಒಂದು ವಾರ ಮುಖ ಊದಿಸಿಕೊಂಡಿರುತ್ತಿದ್ದೆ. ಅವತ್ತು ಗೆಣ್ಣನ್ನು ಮೇಜಿನಿಂದ ತೆಗೆದೆ. ಸುತ್ತಿಗೆಯನ್ನು ನಾನಿನ್ನೂ ಮುಟ್ಟಿರಲಿಲ್ಲ, ಅದು ಆಗಲೇ ನನ್ನ ಮನೆಗೆ ಬಂದು ಕೂತಿತ್ತು.

ಮಗಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡೆ. 'ಇನ್ನು ಕರೆಯಲ್ಲ ಕಣೆ' ಎಂದೆ. ಅವಳು ನಂಬಿದಳೋ ಇಲ್ಲವೋ, ಪೌಡರ್ ಹಚ್ಚುವ ಉಪಾಯ ತನ್ನದಲ್ಲ, ಗೆಳತಿಯದು ಎಂದು ಮಾತ್ರ ತಿಳಿಸಿದಳು.

ಸೋಮವಾರ ನಾನು ಹೋಗುವಷ್ಟರಲ್ಲಿ ಸಾರ್ ಮೇಜಿಗೆ ತಟ್ಟಿ ಆಗಿತ್ತು. ಎಲ್ಲರೂ ಸುತ್ತ ನಿಂತಿದ್ದರು. ಹಲಗೆಯ ಮೇಲೆ ಒಂದು ಮುಂದಿನ ಹಲ್ಲು, ಅದರ ಒಂದು ಮೂಲೆ ಎದ್ದು ಹೋಗಿತ್ತು. ಹಾಕಿಸಿಕೊಂಡವರು ಪಾಠ ಹೇಳುವ ಮೇಷ್ಟ್ರಂತೆ. ತರಗತಿಯಲ್ಲಿ ಮಾತಾಡುತ್ತಿರುವಾಗಲೇ ಚೂರು ಬಾಯಿಗೆ ಬಂದಿದೆ. ವೈದ್ಯರು ಬೈದು ವಾಪಸ್ ಕಳಿಸಿದ್ದರು.

'ಕಟ್ಟಿದ್ದು ಚಿಲಿಪಿಲಿ' ಎಂದು ಸಾರ್ ಸುತ್ತಿಗೆಯ ಹಿಡಿಯನ್ನು ನನ್ನ ಕಡೆ ತಿರುಗಿಸಿ ಹಿಡಿದರು. 'ಒಡಿ. ನಿನ್ನ ಮೊದಲನೇದು.'

ನಾನು ಸುತ್ತಿಗೆ ತೆಗೆದುಕೊಂಡೆ. ಚಿಲಿಪಿಲಿ ಆಗಲೇ ಮೊರ ಹಿಡಿದು ನಿಂತಿದ್ದಳು. ಒಡೆಯುವ ಮೊದಲೇ ಮೊರ! ಅದನ್ನು ನೋಡಿ ನನಗೆ ಸಿಟ್ಟು ಉಕ್ಕಿತು.

ಕ್ಯಾಪನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮುರಿದ ಮೂಲೆಯಿಂದ ಒಳಕ್ಕೆ ಕೂದಲೆಳೆಯಂಥ ಬಿರುಕು ಓಡಿತ್ತು. ಅದರ ಮೇಲೆ ಹೊಳಪಿನ ಲೇಪ ಒಂದು ಪದರ ಹೆಚ್ಚೇ ದಪ್ಪಗಿತ್ತು. ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಅದು? ಫರ್ನೇಸಿನಿಂದ ತೆಗೆಯುವಾಗ ಅವಸರ ಮಾಡಿದರೆ ಪಿಂಗಾಣಿ ಬಿರುಕು ಬಿಡುತ್ತದೆ. ಆಗ ಅದನ್ನು ಕಿತ್ತು ಮತ್ತೆ ಕಟ್ಟಬೇಕು. ಲೇಪ ಬಳಿದು ಇನ್ನೊಮ್ಮೆ ಸುಟ್ಟರೆ ಬಿರುಕು ಕಾಣದು, ವಾಸಿಯೂ ಆಗದು. ನನಗೆ ಬಿಳಿ ಪೌಡರ್ ಬಳಿದ ಕಾಲರ್ ಕಣ್ಣಿಗೆ ಕಟ್ಟಿತು.

ಸುತ್ತಿಗೆ ಹಿಡಿದುಕೊಂಡೇ ನಾನು ಪಕ್ಕದ ಪ್ಲಾಸ್ಟರ್ ಕೋಣೆಗೆ ನಡೆದೆ. ಕ್ಯಾಪಿನ ಒಳಗಿನ ಲೋಹವನ್ನು ಎರಕ ಹೊಯ್ದ ಮೇಲೆ ಸುತ್ತಲಿನ ಅಚ್ಚನ್ನು ಒಡೆದು ತೆಗೆಯಲು ಇಟ್ಟ ಸುತ್ತಿಗೆ ಅದು, ಅಲ್ಲಿನ ಗೋಡೆಯಲ್ಲಿ ಅದರ ಮೊಳೆ ಇನ್ನೂ ಹಾಗೇ ಇತ್ತು. ಮೊಳೆಗೆ ಸಿಕ್ಕಿಸಿ ವಾಪಸ್ ಬಂದೆ.

'ಸಾರ್, ಅದರ ಜಾಗ ಅಲ್ಲಿ' ಎಂದೆ. ಚಿಲಿಪಿಲಿಯ ಕೈಯಿಂದ ಮೊರ ತೆಗೆದುಕೊಂಡು ಕೆಳಗಿಟ್ಟೆ. 'ಒಡೆಯೋದಿಲ್ಲ ಕಣೆ. ಬಿರುಕು ನಿನಗೆ ಮೊದಲೇ ಕಂಡಿತ್ತಾ?'

ಅವಳು ಸಾರ್ ಮುಖ ನೋಡಿದಳು, ನನ್ನ ಮುಖ ನೋಡಿದಳು.

'ಕಂಡಿತ್ತು ಅಕ್ಕ' ಎಂದಳು. 'ಮತ್ತೆ ಕಟ್ಟೋಣ ಅಂದ್ಕೊಂಡೆ. ಹೇಳಿದ್ರೆ ಇಲ್ಲಿ ನಿಲ್ಲಿಸ್ತಾರೆ ಅಂತ ಲೇಪ ಹಾಕಿಬಿಟ್ಟೆ. ತಪ್ಪು ನಂದೇ.' ಎಷ್ಟೋ ತಿಂಗಳ ಮೇಲೆ ಅವಳು ಒಟ್ಟಿಗೆ ಅಷ್ಟು ಮಾತಾಡಿದ್ದು.

'ಕೇಳಿದ್ರಾ ಸಾರ್?' ಎಂದೆ. 'ಬಿರುಕಿಗಿಂತ ಸುತ್ತಿಗೆಗೆ ಹೆದರ್ತಾರೆ ಇವರು. ಆ ಮೇಷ್ಟ್ರ ಹಲ್ಲು ಹೋಗಿದ್ದು ಅದಕ್ಕೇ. ಇನ್ನು ಯಾರ ಕೆಲಸ ಕೆಟ್ಟರೂ ಅವರ ಕುರ್ಚಿ ಹತ್ತಿರ ಹೋಗಿ ಹೇಳ್ತೀನಿ, ಪಕ್ಕದಲ್ಲೇ ಕೂತು ಮತ್ತೆ ಕಟ್ಟಿಸ್ತೀನಿ. ಇದಕ್ಕೆ ಒಪ್ಪಿದ್ರೆ ನಾನು ಇವತ್ತಿಂದಲೇ ಇನ್‌ಚಾರ್ಜ್.'

'ಒಪ್ಪದಿದ್ರೆ?'

'ನಾನು ಹೊರಡ್ತೀನಿ.'

ಸಾರ್ ಆ ಮುರಿದ ಹಲ್ಲನ್ನು ತಾವೂ ಬೆಳಕಿಗೆ ಹಿಡಿದು ನೋಡಿದರು. ಅವರು ಒಪ್ಪಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹೋಗುವ ಆಸೆ ನನಗೆ ಎಳ್ಳಷ್ಟೂ ಇರಲಿಲ್ಲ.

'ನನ್ನ ಗುರುಗಳು ನನ್ನ ಕೈಬೆರಳಿಗೇ ಹೊಡೆದು ಕಲಿಸಿದ್ರು' ಎಂದರು. 'ನಾನು ಹಲ್ಲಿಗೆ ಹೊಡೀತೀನಿ, ಅಷ್ಟೇ. ಭಯ ಇಲ್ಲದೆ ಈ ಲ್ಯಾಬ್ ನಡೆಯಲ್ಲಮ್ಮ.' ಹಾಗೆಂದು ಪ್ಲಾಸ್ಟರ್ ಕೋಣೆಗೆ ಹೋಗಿ, ಸುತ್ತಿಗೆ ತಂದು, ಮತ್ತೆ ಮೇಜಿನ ಮೇಲಿಟ್ಟರು.

ನಾನು ನನ್ನ ಕುಂಚಗಳನ್ನು ತೊಳೆದು, ತುದಿ ಚೂಪು ಮಾಡಿ, ಬಟ್ಟೆಯಲ್ಲಿ ಸುತ್ತಿಕೊಂಡೆ. ಸಾರ್ ಕಾಲು ಮುಟ್ಟಿ ನಮಸ್ಕಾರ ಮಾಡಿದೆ, ಕಲಿಸಿದ್ದಕ್ಕೆ. ಬಾಗಿಲ ತನಕ ಚಿಲಿಪಿಲಿ ಬಂದಳು. 'ಆ ಮೇಷ್ಟ್ರ ಹಲ್ಲು ನಾನೇ ಕಟ್ತೀನಿ ಅಕ್ಕ, ಲೇಪದ ಮೋಸ ಇಲ್ಲದೆ' ಎಂದಳು. ಬೀದಿಗಿಳಿದಾಗ ಬೆಳಗಿನ ಬಿಸಿಲು ಮುಖಕ್ಕೆ ಬಿತ್ತು. ಅಳು ಬಂತು. ಆದರೂ ನಾನು ನಡೆದದ್ದು ತಲೆ ಎತ್ತಿಕೊಂಡೇ.

ದೊಡ್ಡಣ್ಣನ ಲ್ಯಾಬಿನಲ್ಲಿ ಈಗ ದವಡೆ ಹಲ್ಲು ಕಟ್ಟುತ್ತೇನೆ, ಅಜ್ಜ ಅಜ್ಜಿಯರ ಸೆಟ್ಟು ಜೋಡಿಸುತ್ತೇನೆ. ಅವರು ಹೇಳಿದ ಹಾಗೆ ಕೈಗೆ ಬೇಜಾರಾಗುತ್ತದೆ, ಆಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಮೊನ್ನೆ ಮೊದಲ ಮುಂದಿನ ಹಲ್ಲು ಬಂತು. ಹಸಿದವಳು ತಟ್ಟೆಯ ಮುಂದೆ ಕೂತ ಹಾಗೆ ಕೂತು ಕಟ್ಟಿದೆ. ಆ ಅವಸರದಲ್ಲೇ ಫರ್ನೇಸಿನಿಂದ ಬೇಗ ತೆಗೆದುಬಿಟ್ಟೆ. ಬೆಳಕಿಗೆ ಹಿಡಿದು ನೋಡಿದರೆ ಬುಡದಿಂದ ತುದಿಯವರೆಗೆ ಒಂದು ಕೂದಲೆಳೆ.

ಕೈ ತಾನಾಗಿಯೇ ಲೇಪದ ಬಾಟಲಿಯ ಕಡೆ ಹೋಯಿತು. ನಾನು ಅದನ್ನು ಹಿಂದಕ್ಕೆಳೆದುಕೊಂಡೆ.

'ನನ್ನ ಹಲ್ಲು ಬಿರುಕು ಬಿಟ್ಟಿದೆ' ಎಂದೆ, ಇಡೀ ಕೋಣೆಗೆ ಕೇಳುವ ಹಾಗೆ.

ಯಾರೂ ಎದ್ದು ಬರಲಿಲ್ಲ. ಉಜ್ಜುವ ಯಂತ್ರಗಳು ತಮ್ಮ ಪಾಡಿಗೆ ಓಡುತ್ತಿದ್ದವು. ದೊಡ್ಡಣ್ಣ ತಲೆ ಎತ್ತದೆ, 'ಮತ್ತೆ ಕಟ್ಟು ತಂಗಿ, ನಾಳೆ ಕಳಿಸಿದ್ರಾಯ್ತು' ಎಂದು ಪುಡಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದರು.