ಹನ್ನೊಂದು ಸಹಿ

ಔರಾದಿನ ಪ್ರೌಢಶಾಲೆಯ ಸಭಾಂಗಣಕ್ಕೆ, ಅಲ್ಲಿ ಕಲಿಸಿ ತೀರಿಕೊಂಡ ಬಸವಣ್ಣೆಪ್ಪ ಮಾಸ್ತರರ ಚಿತ್ರ ಬೇಕಾಗಿತ್ತು. ಎರಡು ಅಡಿ ಅಗಲ, ಮೂರು ಅಡಿ ಎತ್ತರ. ಶಾಲೆಯವರು ಭಾಲ್ಕಿಗೆ ಬಂದು, ರೈಲು ನಿಲ್ದಾಣದ ಎದುರಿಗಿರುವ ಸುಫಿಯಾನನ ಫೋಟೊ ಅಂಗಡಿಯಲ್ಲಿ ಕೇಳಿದರು. ಅವನು ತಡಮಾಡದೆ ಒಪ್ಪಿಕೊಂಡ. “ಶರಫೋದ್ದೀನ ಪೇಂಟರ್ ಚಿತ್ರ ಕೊಡ್ತೇನ್ರಿ. ನಮ್ಮ ದಾದಾನೇ ಅವರು” ಅಂದ.

ಅಜ್ಜನಿಗೆ ಈ ಮಾತು ತಿಳಿದದ್ದು ಮೂರು ದಿನದ ಮೇಲೆ.

ಶರಫೋದ್ದೀನ ಕುಂಚ ಇಟ್ಟು ಆರು ವರ್ಷವಾಗಿತ್ತು. ನಲವತ್ತು ವರ್ಷ ಅವರು ಬೀದರದಲ್ಲಿ ಅಂಗಡಿಗಳ ಬೋರ್ಡು, ಟಾಕೀಸಿನ ಬ್ಯಾನರು, ಹಿರಿಯರ ಭಾವಚಿತ್ರ ಬರೆದವರು. ಈಗ ಬಲಭುಜ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಮೂರು ಅಡಿ ಕ್ಯಾನ್ವಾಸನ್ನು ಪೂರ್ತಿ ತುಂಬುವುದು ಆಗದ ಮಾತು.

“ನನ್ನ ಹೆಸರು ಕೊಡಾಕ ನೀ ಯಾರು?” ಅಂದರು. ಬೀದರದ ಮೈಲೂರಿನ ಮನೆಯ ಅಂಗಳದಲ್ಲಿ ಚಹಾದ ಬಟ್ಟಲು ಹಿಡಿದು ಕೂತಿದ್ದರು.

“ಹೆಸರು ನಿಮ್ಮದೇ ಇರ್ತದ ದಾದಾ. ಕೆಲಸ ಆ್ಯಪ್ ಮಾಡ್ತದ. ಎರಡು ಫೋಟೊ ಕೊಡಬೇಕು. ಒಂದು ಮಾಸ್ತರದು. ಇನ್ನೊಂದು ನಿಮ್ಮ ಪೇಂಟಿಂಗಿಂದು. ಮೊದಲನೇದ್ರಿಂದ ಆಕಾರ ತಗೋತದ, ಎರಡನೇದ್ರಿಂದ ಬಣ್ಣ, ಕುಂಚದ ಎಳಿ.”

“ನಾ ಬರೀದೇ ನನ್ನ ಎಳಿ?”

“ನೀವು ಮೊದಲೇ ಬರದೀರಲ್ಲ.”

ಗೋಡೆಯ ಮೇಲೆ ಖುರ್ಷಿದ ಬೇಗಂ ಅವರ ಚಿತ್ರವಿತ್ತು. ಹೆಂಡತಿ ತೀರಿಕೊಳ್ಳುವ ಮೊದಲು ಎದುರಿಗೆ ಕೂಡಿಸಿಕೊಂಡು ಬರೆದದ್ದು. ಸುಫಿಯಾನ ಅದರ ಕೆಳಗಿನ ಮೂಲೆಯನ್ನಷ್ಟೇ ಫೋನಿನಲ್ಲಿ ತೆಗೆದುಕೊಂಡ. ಹಸಿರು ದುಪಟ್ಟಾದ ಮಡಿಕೆಗಳಿದ್ದ ಆ ಜಾಗದಲ್ಲಿ ಎಳೆಗಳು ದಪ್ಪಗೆ ಎದ್ದು ಕಾಣುತ್ತಿದ್ದವು. ಮಾಸ್ತರರ ಫೋಟೊ ಕಪ್ಪು ಬಿಳುಪಿನದು, ಪೋಸ್ಟ್‌ಕಾರ್ಡಿನ ಅಳತೆಯದು. ಅದನ್ನು ಮೊದಲೇ ಸ್ಕ್ಯಾನ್ ಮಾಡಿಟ್ಟಿದ್ದ. ಫೋನನ್ನು ಅಜ್ಜನ ಕೈಗೆ ಕೊಟ್ಟು, “ನೀವೇ ಒತ್ತರಿ” ಅಂದ.

ಶರಫೋದ್ದೀನ ಒತ್ತಿದರು. ಅರ್ಧ ನಿಮಿಷ ಒಂದು ಚಕ್ರ ತಿರುಗಿತು. ಆಮೇಲೆ ಚಿತ್ರ ಬಂತು.

ಅವರು ಕನ್ನಡಕ ಒರೆಸಿಕೊಂಡು ನೋಡಿದರು. ಎಳೆಗಳು ಅವರವೇ. ಅದನ್ನು ಅಲ್ಲಗಳೆಯಲಿಲ್ಲ. ಆಮೇಲೆ ಬೆರಳಿಟ್ಟು ಎಣಿಸತೊಡಗಿದರು.

“ಇದೇನು? ಇಲ್ಲಿ ರುಮಾಲಿನ ಮ್ಯಾಲ. ಇಲ್ಲಿ ಕಿವಿ ಹತ್ತಿರ. ಕೋಟಿನ ಮ್ಯಾಲ ನಾಲ್ಕು.”

ಕೆಂಪು ಕೊಕ್ಕೆಯಂಥ ಗೀಟುಗಳು. ಅಕ್ಷರವಲ್ಲ, ಆದರೆ ಅಕ್ಷರದ ಬಾಗು ಇತ್ತು. ಚಿತ್ರದ ಬಲಮೂಲೆಯಲ್ಲಿ ಅವರು ಕೆಂಪಿನಲ್ಲಿ ‘ಶರಫ್’ ಎಂದು ಬರೆದು ಕೆಳಗೆ ಒಂದು ಗೆರೆ ಎಳೆಯುತ್ತಿದ್ದರು. ಸುಫಿಯಾನ ತೆಗೆದ ಮೂಲೆಯಲ್ಲೇ ಆ ಸಹಿ ಇತ್ತು.

“ಅದಕ್ಕ ಸಹಿ ಅಂದ್ರ ಗೊತ್ತಿಲ್ಲ ದಾದಾ. ಬಣ್ಣ, ಗೆರಿ ಒಂದರ ಮಗ್ಗಲಿಗೆ ಒಂದು ಹ್ಯಾಂಗ ಬರ್ತಾವ, ಅಷ್ಟೇ ನೋಡ್ತದ. ಯಾವ ಜಾಗದಾಗ ಅದ, ಏನದು, ಅದನ್ನ ಬಿಟ್ಟುಬಿಡ್ತದ. ಹಂಗಾಗಿ ಎಲ್ಲಾ ಕಡಿ ಹರಡಿಬಿಟ್ಟದ.”

“ನಲವತ್ತು ವರ್ಷದಾಗ ಒಂದು ಚಿತ್ರಕ್ಕ ಒಂದೇ ಸಹಿ ಹಾಕೀನಿ. ಅದೂ ಮನಿ ಮಂದಿ ಬಂದು ನಿಂತು, ಹೌದು ಇವರೇ ಅಂತ ಹೆಸರು ಹೇಳಿದ ಮ್ಯಾಲ. ನಿನ್ನ ಆ್ಯಪ್ ಯಾರನ್ನೂ ಕೇಳದೇ ಹನ್ನೊಂದು ಹಾಕ್ಯದ.”

“ಅಳಿಸ್ತೇನಿ ಬಿಡ್ರಿ.”

“ಗಲ್ಲದ ಹಸಿರು ಹ್ಯಾಂಗ ಅಳಿಸ್ತಿ? ಅದು ನಿಮ್ಮ ದಾದಿ ದುಪಟ್ಟಾ. ಮಾಸ್ತರ ಮಾರಿಗೆ ಹಚ್ಚಿಬಿಟ್ಟದ.”

ಸುಫಿಯಾನನಿಗೂ ಸಿಟ್ಟು ಬಂತು. “ಮಂದಿ ದೂರ ನಿಂತು ನೋಡ್ತಾರ. ಯಾರಿಗೂ ಗೊತ್ತಾಗಂಗಿಲ್ಲ.”

“ಸರಿ. ಗುಂಡಮ್ಮಗ ತೋರಿಸೋಣು ನಡಿ.”

ಮಾಸ್ತರರ ಹೆಂಡತಿ ಗುಂಡಮ್ಮ ಸಂತಪುರದಲ್ಲಿದ್ದರು. ಕೊಕ್ಕೆಗಳನ್ನು ಒರೆಸಿ, ಹಸಿರನ್ನು ತಗ್ಗಿಸಿ, ಸುಫಿಯಾನ ಒಂದು ಪ್ರತಿ ತೆಗೆದ. ಮರುದಿನ ಇಬ್ಬರೂ ಔರಾದ ಬಸ್ಸು ಹಿಡಿದು ಸಂತಪುರದಲ್ಲಿ ಇಳಿದರು. ಗುಂಡಮ್ಮ ತೊಗರಿಬೇಳೆ ಆರಿಸುತ್ತಿದ್ದ ಮೊರ ಪಕ್ಕಕ್ಕಿಟ್ಟು ಚಿತ್ರ ನೋಡಿದರು. ಬಹಳ ಹೊತ್ತು ನೋಡಿದರು.

“ಛಲೋ ಅದರಿ ಸಾಬ್ರ. ನಮ್ಮ ಮನಿಯವರ ತಮ್ಮನ ಚಿತ್ರ ಯಾಕ ತಂದೀರಿ?”

ಸುಫಿಯಾನ ಅಜ್ಜನ ಮುಖ ನೋಡಿದ. ಶರಫೋದ್ದೀನ ತಮ್ಮ ಎಡಗಲ್ಲವನ್ನು ಬೆರಳಿನಿಂದ ಮುಟ್ಟಿ ತೋರಿಸಿದರು.

ಮಾಸ್ತರರ ಎಡಗಲ್ಲದ ತುಂಬ ಸಿಡುಬಿನ ಕಲೆಗಳಿದ್ದವು. ಈ ಚಿತ್ರದಲ್ಲಿ ಗಲ್ಲ ನುಣ್ಣಗಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಸುಫಿಯಾನ ತಾನಾಗಿಯೇ ಕಾರಣ ಹೇಳಿದ. ಆ್ಯಪು ಕೆಲಸಕ್ಕೆ ಮೊದಲು ಫೋಟೊವನ್ನು ಕುಗ್ಗಿಸುತ್ತದೆ. ಉದ್ದಕ್ಕೆ ಸಾವಿರದ ಇಪ್ಪತ್ನಾಲ್ಕು ಚುಕ್ಕಿ, ಅಂದರೆ ಪಿಕ್ಸೆಲ್. ಅಷ್ಟರಲ್ಲಿ ಒಂದು ಕಲೆಯ ಪಾಲಿಗೆ ಉಳಿಯುವುದು ಎರಡು ಮೂರು ಚುಕ್ಕಿ. ಅದರ ಮೇಲೆ ದಪ್ಪ ಎಳೆ ಕೂತರೆ ಮುಗಿಯಿತು.

“ಮೂರು ಅಡಿಗೂ ಸಾಲಂಗಿಲ್ಲ ಅದು. ಇಂಚಿಗೆ ಇಪ್ಪತ್ತೆಂಟು ಚುಕ್ಕಿ ಬೀಳ್ತಾವ, ಮಬ್ಬು ಕಾಣ್ತದ. ಆ್ಯಪಿನಾಗ ನಾಲ್ಕು ಸಾವಿರ ಚುಕ್ಕಿ ಕೊಡೋ ಆಯ್ಕೆ ಬ್ಯಾರೆ ಅದ. ಮೊದಲೇ ಅದನ್ನ ತಗೋಬೇಕಿತ್ತು. ತಪ್ಪು ನಂದು” ಅಂದ.

ಶರಫೋದ್ದೀನ ಕಿಟಕಿಯ ಹೊರಗೆ ಕೆಂಪು ನೆಲ ನೋಡುತ್ತಿದ್ದರು. ಅಲ್ಲಿಂದ ಮುಖ ತಿರುಗಿಸಿ ಕೇಳಿದರು: “ಎರಡನೇ ಫೋಟೊದಾಗ ಮಾರಿ ಇರಲೇಬೇಕಂತೇನಿಲ್ಲ, ಹೌದಿಲ್ಲೋ? ಬರೇ ಎಳಿ ಇದ್ರೂ ನಡೀತದ?”

“ನಡೀತದ.”

“ಹಂಗಾದ್ರ ಹಳೇ ಚಿತ್ರ ಯಾಕ? ಅದಕ್ಕ ಬೇಕಾದದ್ದನ್ನ ಹೊಸದಾಗಿ ಬರಕೊಡ್ತೇನಿ.”

ಮಾರನೆಯ ದಿನ ಒಂದು ಅಡಿ ಚೌಕದ ಪ್ಲೈವುಡ್ಡಿಗೆ ಬಿಳಿ ಬಳಿದು, ಒಣಗಿಸಿ, ಮೇಜಿನ ಮೇಲೆ ಮಲಗಿಸಿಕೊಂಡರು. ಭುಜ ಎತ್ತುವ ಕೆಲಸವಿರಲಿಲ್ಲ. ಮೈಬಣ್ಣದ ಎಳೆ, ರುಮಾಲಿಗೆ ಹಳದಿ ಬೆರೆತ ಬಿಳಿ, ಕೋಟಿಗೂ ಹಿನ್ನೆಲೆಗೂ ಕಂದು. ಹಸಿರಿಲ್ಲ, ಕೆಂಪಿಲ್ಲ, ಸಹಿಯೂ ಇಲ್ಲ. ಇಲ್ಲದ ಬಣ್ಣವನ್ನು ಆ್ಯಪು ಎಲ್ಲಿಂದ ತರುತ್ತದೆ? ನೋಡಿದವರಿಗೆ ಅದು ಚಿತ್ರವಲ್ಲ, ಕುಂಚ ಒರೆಸಿದ ಹಲಗೆ. ಸುಫಿಯಾನ ಅದನ್ನು ನೆರಳಿನಲ್ಲಿಟ್ಟು, ಫ್ಲ್ಯಾಶ್ ಇಲ್ಲದೆ, ನೇರ ಮೇಲಿಂದ ಫೋಟೊ ತೆಗೆದ.

ಶೈಲಿಯ ಪ್ರಮಾಣ ಹೇಳುವ ಗುಂಡಿಯನ್ನು ಈ ಸಲ ಅಜ್ಜ ಜರುಗಿಸಿದರು. ನೂರರ ಪೈಕಿ ಎಂಬತ್ತರಲ್ಲಿ ಚಿತ್ರದ ಕಣ್ಣು ಕೆಡುತ್ತಿದ್ದವು. ಇಪ್ಪತ್ತಕ್ಕೆ ಬಂದರೆ ಬರೀ ಫೋಟೊ. ನಲವತ್ತೈದಕ್ಕೆ ನಿಲ್ಲಿಸಿ, “ಸಾಕು, ಇದರ ಮುಂದ ಅದಕ್ಕ ತಿಳಿಯಂಗಿಲ್ಲ” ಅಂದರು.

“ಯಾಕ?”

“ಗಲ್ಲ ದುಂಡಗ ಅದ. ನನ್ನ ಕೈ ಅದರ ಗುಂಟ ತಿರುಗ್ತದ. ಇದು ಗಲ್ಲದ ಮ್ಯಾಲೂ ಗ್ವಾಡಿ ಮ್ಯಾಲೂ ಒಂದೇ ಥರ ಎಳೀತದ.”

ಸುಫಿಯಾನ ಚಿತ್ರವನ್ನು ಹಿಗ್ಗಿಸಿ ನೋಡಿದ. ಹೌದಾಗಿತ್ತು. ತಾನು ದಿನಾ ನೋಡುವ ಆ್ಯಪಿನಲ್ಲಿ ತನಗೆ ಕಾಣದ್ದು ಅಜ್ಜನಿಗೆ ಕಂಡಿತ್ತು.

ನಾಲ್ಕು ಸಾವಿರ ಚುಕ್ಕಿಯ ಚಿತ್ರವನ್ನು ಭಾಲ್ಕಿಯಲ್ಲಿ ಕ್ಯಾನ್ವಾಸಿನ ಮೇಲೆ ಮುದ್ರಿಸಿದ. ಶಾಯಿ ಕದಡದಂತೆ ಮೇಲೆ ಪಾರದರ್ಶಕ ವಾರ್ನಿಶ್ ಸಿಂಪಡಿಸಿ, ಒಣಗಿಸಿ ತಂದ. ಶರಫೋದ್ದೀನ ಅದನ್ನು ಮೇಜಿನ ಮೇಲೆ ಹಾಸಿ, ಪೋಸ್ಟ್‌ಕಾರ್ಡಿನ ಫೋಟೊವನ್ನು ಪಕ್ಕಕ್ಕಿಟ್ಟು, ಎಡಗಲ್ಲ ಮತ್ತು ಎರಡು ಕಣ್ಣು ಮಾತ್ರ ಎಣ್ಣೆಬಣ್ಣದಲ್ಲಿ ಬರೆದರು. ಕಲೆಗಳು ಹದಿನೇಳು. ಒಂದೊಂದಕ್ಕೂ ಕೆಳಗೆ ಸಣ್ಣ ಬೆಳಕು, ಮೇಲೆ ಸಣ್ಣ ನೆರಳು. ನಾಲ್ಕು ದಿನ ಹಿಡಿಯಿತು.

ಒಣಗಿದ ಮೇಲೆ ಚಿತ್ರ ಸಂತಪುರಕ್ಕೆ ಹೋಯಿತು. ಗುಂಡಮ್ಮ ಈ ಸಲ ಎದ್ದು ನಿಂತರು. ತಲೆಯ ಮೇಲೆ ಸೆರಗು ಎಳೆದುಕೊಂಡರು.

“ಇವರು ಯಾರ್ರಿ ತಾಯಿ?” ಶರಫೋದ್ದೀನ ಕೇಳಿದರು. ನಲವತ್ತು ವರ್ಷ ಕೇಳಿದ ಪ್ರಶ್ನೆ.

ಗಂಡನ ಹೆಸರು ಹಿಡಿಯುವ ರೂಢಿ ಗುಂಡಮ್ಮನಿಗಿರಲಿಲ್ಲ. ಆದರೂ ಮೆಲ್ಲಗೆ, “ಬಸವಣ್ಣೆಪ್ಪ ಮಾಸ್ತರ” ಅಂದರು.

ಶರಫೋದ್ದೀನ ಕೆಂಪು ಬಣ್ಣದ ಡಬ್ಬಿ ತೆರೆದು, ಬಲಮೂಲೆಯಲ್ಲಿ ‘ಶರಫ್’ ಎಂದು ಬರೆದು ಗೆರೆ ಎಳೆದರು. ಕುಂಚವನ್ನು ಸುಫಿಯಾನನ ಕಡೆ ಹಿಡಿದರು.

“ನನಗ ಕುಂಚದಾಗ ಬರಿಯಾಕ ಬರಂಗಿಲ್ಲ ದಾದಾ.”

“ಅರ್ಧ ಕೆಲಸ ನಿಂದು. ಪೂರಾ ನಂದು ಅಂತ ನಾ ಸುಳ್ಳು ಬರಿಯಂಗಿಲ್ಲ.”

ಸುಫಿಯಾನ ಅಜ್ಜನ ಸಹಿಯ ಕೆಳಗೆ ತನ್ನ ಹೆಸರು ಬರೆದ. ಗುಂಡಮ್ಮ ಬಗ್ಗಿ ನೋಡಿದರು.

“ಕೆಳಗಿಂದು ಸೊಟ್ಟ ಆಗ್ಯದಲ್ರಿ ಸಾಬ್ರ.”

“ಮೊದಲನೇ ಸಹಿ ಹಂಗೇ ಇರ್ತದ್ರಿ ತಾಯಿ” ಅಂದರು ಶರಫೋದ್ದೀನ, ಡಬ್ಬಿಯ ಮುಚ್ಚಳ ಹಾಕುತ್ತ. “ನಂದು ಇದಕ್ಕಿಂತ ಸೊಟ್ಟ ಇತ್ತು.”